ಪರ್ಜಿಂಗ್ (ಚರ್ಮ)

ಅಡಾಪಲೀನ್, ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್ ಹಚ್ಚತೊಡಗಿದ ಮೊದಲ ವಾರಗಳಲ್ಲಿ ಮೊಡವೆ ತಾತ್ಕಾಲಿಕವಾಗಿ ಹೆಚ್ಚುವುದಕ್ಕೆ ಪರ್ಜಿಂಗ್ ಎನ್ನುತ್ತಾರೆ. ಈ ಔಷಧಗಳು ಚರ್ಮದ ಜೀವಕೋಶಗಳು ಹುಟ್ಟಿ ಉದುರುವ ವೇಗವನ್ನು ಹೆಚ್ಚಿಸುವುದರಿಂದ, ರಂಧ್ರಗಳೊಳಗೆ ಕಣ್ಣಿಗೆ ಕಾಣದಂತೆ ಕಟ್ಟಿಕೊಂಡಿದ್ದ ಮೊಡವೆಗಳು ಬೇಗ ಮೇಲಕ್ಕೆ ಬರುತ್ತವೆ.

ಇದು ಪರ್ಜಿಂಗೋ ಬೇರೆ ತೊಂದರೆಯೋ ಎಂದು ತಿಳಿಯಲು ಜಾಗವೇ ಮೊದಲ ಸುಳಿವು. ಗದ್ದದ ಮೇಲೆ ಸದಾ ಮೊಡವೆಯೇಳುವ ಯುವತಿಯೊಬ್ಬಳು ರಾತ್ರಿ ಶೇ. 0.1ರ ಅಡಾಪಲೀನ್ ಜೆಲ್ ಹಚ್ಚತೊಡಗುತ್ತಾಳೆ ಎನ್ನಿ. ಎರಡನೇ ವಾರ ಅದೇ ಗದ್ದದಲ್ಲಿ ಮೊಡವೆ ಹೆಚ್ಚಿದರೆ ಅದು ಬಹುಪಾಲು ಪರ್ಜಿಂಗ್. ಸಾಮಾನ್ಯವಾಗಿ ಆರೆಂಟು ವಾರಗಳಲ್ಲಿ ತಗ್ಗುತ್ತದೆ. ಕಣ್ಣಿನ ರೆಪ್ಪೆ ಊದಿ, ಹಚ್ಚಿದಲ್ಲೆಲ್ಲ ಕೆಂಪು ದದ್ದೆದ್ದು ವಿಪರೀತ ತುರಿಸಿದರೆ ಅಲರ್ಜಿಯ ಶಂಕೆ. ಆಗ ಜೆಲ್ ನಿಲ್ಲಿಸಲೇಬೇಕು.

ಹೆಚ್ಚು ಜನ ಎಡವುವುದು ಪರ್ಜಿಂಗೂ ಅಲ್ಲದ, ಅಲರ್ಜಿಯೂ ಅಲ್ಲದ ಮೂರನೆಯ ಸ್ಥಿತಿಯಲ್ಲಿ. ಜೆಲ್ ಜೊತೆಗೆ ಗ್ಲೈಕಾಲಿಕ್ ಆಮ್ಲದ ಸೀರಂ, ಸ್ಕ್ರಬ್ ಎಲ್ಲವನ್ನೂ ಸೇರಿಸಿದಾಗ ಚರ್ಮದ ಮೇಲ್ಪದರ ಸವೆಯುತ್ತದೆ. ಮುಖ ಬಿಗಿದುಕೊಂಡು ಹೊಳೆಯುತ್ತದೆ, ಬರೀ ಮಾಯಿಶ್ಚರೈಸರ್ ಹಚ್ಚಿದರೂ ಉರಿಯುತ್ತದೆ. ಇದನ್ನು ಪರ್ಜಿಂಗ್ ಎಂದುಕೊಂಡು ಸಹಿಸುವುದು ತಪ್ಪು. ಉರಿ ಆರುವವರೆಗೆ ಸೌಮ್ಯ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಸಾಕು. ಆಮೇಲೆ ವಾರಕ್ಕೆರಡು ರಾತ್ರಿ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟೇ ಜೆಲ್ ಹಚ್ಚಿ ಮತ್ತೆ ಶುರುಮಾಡಬಹುದು.

ತುಟಿ, ನಾಲಿಗೆ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.