ಆಟದೊಳಗೆ ದೊಡ್ಡವರಿಗೆ ಎಷ್ಟು ಜಾಗ?

ಶಿಶು ಶಿಕ್ಷಣದ ವಿಷಯಕ್ಕೆ ಟಿಪ್ಪಣಿ ಸಹಿತ ಗ್ರಂಥಸೂಚಿ ಸಿದ್ಧಮಾಡಿ ಎಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳಿದಾಗ ಬಹಳ ಮಂದಿ ಬರೆದು ತರುವ ವಾಕ್ಯ ಒಂದೇ: ‘ಮಗುವಿನ ಸರ್ವತೋಮುಖ ಬೆಳವಣಿಗೆಯಲ್ಲಿ ಆಟದ ಮಹತ್ವವನ್ನು ಈ ಕೃತಿ ವಿವರಿಸುತ್ತದೆ.’ ಈ ವಾಕ್ಯವನ್ನು ಯಾವ ಪುಸ್ತಕದ ಕೆಳಗೆ ಬರೆದರೂ ಒಪ್ಪುತ್ತದೆ. ಹಾಗಾಗಿ ಅದರಿಂದ ಯಾವ ಪುಸ್ತಕದ ಬಗೆಗೂ ಏನೂ ತಿಳಿಯುವುದಿಲ್ಲ. ನಾನು ಅವರಿಗೆ ಒಂದು ಪ್ರಶ್ನೆ ಕೊಡುತ್ತೇನೆ: ಈ ಬರಹದಲ್ಲಿ ಮಗು ಆಡುವಾಗ ದೊಡ್ಡವರು ಎಲ್ಲಿದ್ದರು, ಏನು ಮಾಡುತ್ತಿದ್ದರು? ಈ ಪ್ರಶ್ನೆ ಹಿಡಿದು ಕಾಲಾನುಕ್ರಮದಲ್ಲಿ ಓದುತ್ತ ಹೋದರೆ, ಬಿಡಿಬಿಡಿಯಾಗಿ ಕಾಣುವ ಕೃತಿಗಳು ಒಂದಕ್ಕೊಂದು ಉತ್ತರ ಕೊಡುತ್ತ ಸಾಗುವುದು ಕಾಣುತ್ತದೆ. ಮುಂದಿನದು ಆ ಓದಿನ ದಾರಿ.

ಉಣ್ಣೆಯ ಚೆಂಡು, ಅಂಗಳದ ಕಲ್ಲು

ಪಟ್ಟಿಯ ಮೊದಲಿಗೆ ಫ್ರೊಬೆಲ್ ಬರುತ್ತಾರೆ. ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ 1837ರಲ್ಲಿ ಕೆಲಸ ಆರಂಭಿಸಿದ ಅವರು 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟರು. ಅವರು ರೂಪಿಸಿದ ಆಟಿಕೆಗಳನ್ನು ‘ಕೊಡುಗೆ’ಗಳೆಂದು ಕರೆಯುತ್ತಾರೆ. ಮೊದಲನೆಯದು ಆರು ಬಣ್ಣದ ಉಣ್ಣೆಯ ಚೆಂಡುಗಳು. ಮೂರನೆಯದು ಎಂಟು ಚಿಕ್ಕ ಘನಗಳನ್ನು ಸೇರಿಸಿ ಮಾಡಿದ ಒಂದು ದೊಡ್ಡ ಘನ. ಮಗು ಅದನ್ನು ಬಿಡಿಸುತ್ತದೆ, ಮತ್ತೆ ಜೋಡಿಸುತ್ತದೆ. ಅರ್ಧ, ಕಾಲು ಎಂಬ ಮಾತು ಕಿವಿಗೆ ಬೀಳುವ ಮೊದಲೇ ಅದರ ಅರ್ಥ ಕೈಗೆ ಗೊತ್ತಾಗಿರುತ್ತದೆ. ದೊಡ್ಡವರು ಇಲ್ಲಿ ಮಗುವಿನ ಪಕ್ಕದಲ್ಲೇ ಕುಳಿತಿದ್ದಾರೆ. ಆದರೆ ಮುಂದೆ ಅನುಯಾಯಿಗಳ ಕೈಯಲ್ಲಿ ಇದೇ ಕೊಡುಗೆಗಳು ಕವಾಯತಾದವು. ‘ಈಗ ಎಲ್ಲರೂ ಮೇಲಿನ ಘನ ತೆಗೆಯಿರಿ’ ಎಂಬ ಆಜ್ಞೆ ಕೇಳಿಬಂದಾಗ ಆಟಿಕೆ ಹಾಗೆಯೇ ಇತ್ತು, ಆಟ ಇರಲಿಲ್ಲ. ಟಿಪ್ಪಣಿಯಲ್ಲಿ ಈ ಮಾತು ಬರಲೇಬೇಕು, ಏಕೆಂದರೆ ಸಾಮಗ್ರಿ ಬಂದರೆ ಆಟವೂ ಬಂತು ಎಂಬ ತಪ್ಪು ತಿಳಿವಳಿಕೆ ಈಗಲೂ ಹೋಗಿಲ್ಲ.

ನಮ್ಮ ನೆಲದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿಯಲ್ಲಿ ಮಕ್ಕಳನ್ನು ಶಾಲೆಗೆ ಕರೆಯುವ ಬದಲು ಅವರ ಅಂಗಳಕ್ಕೇ ಶಾಲೆಯನ್ನು ಒಯ್ದರು. ದುಬಾರಿ ಆಟಿಕೆಗಳ ಜಾಗಕ್ಕೆ ಕಲ್ಲು, ಎಲೆ, ಬೀಜ ಬಂದವು. ‘ಅಂಗನವಾಡಿ’ ಎಂಬ ಪದ ಹುಟ್ಟಿದ್ದು ಅಲ್ಲಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಆ ಹೆಸರೇ ದೇಶದ ಹೆಸರಾಯಿತು. ಕರ್ನಾಟಕದಲ್ಲಿ ಯೋಜನೆಯ ಮೊದಲ ಹೆಜ್ಜೆ ಬಿದ್ದದ್ದು ತಿ. ನರಸೀಪುರದಲ್ಲಿ.

ಕೋಲು ಕುದುರೆಯಾದಾಗ

ಮಗು ಆಡುವಾಗ ಅದರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಕೇಳಿದವರಲ್ಲಿ ವೈಗೋಟ್‌ಸ್ಕಿ ಮುಖ್ಯರು. 1933ರಲ್ಲಿ ಲೆನಿನ್‌ಗ್ರಾಡಿನ ಶಿಕ್ಷಕರ ಸಂಸ್ಥೆಯೊಂದರಲ್ಲಿ ಅವರು ಕೊಟ್ಟ ಉಪನ್ಯಾಸ ರಷ್ಯನ್ ಭಾಷೆಯಲ್ಲಿ ಅಚ್ಚಾದದ್ದು 1966ರಲ್ಲಿ, ಇಂಗ್ಲಿಷಿಗೆ ಬಂದದ್ದು 1967ರಲ್ಲಿ. ಪ್ರಕಟಣೆಯ ವರ್ಷವನ್ನಷ್ಟೇ ನೋಡಿದ ವಿದ್ಯಾರ್ಥಿ ಇದನ್ನು ಪಿಯಾಜೆಯ 1945ರ ಕೃತಿಗೆ ಬಂದ ಉತ್ತರವೆಂದು ಬರೆದುಬಿಡುವ ಸಾಧ್ಯತೆ ಉಂಟು. ವೈಗೋಟ್‌ಸ್ಕಿ ತೀರಿಕೊಂಡದ್ದೇ 1934ರಲ್ಲಿ.

ಅವರ ವಾದ ಸರಳ, ಆದರೆ ಆಳವಾದದ್ದು. ಮಗು ಕೋಲನ್ನು ಕುದುರೆ ಮಾಡಿಕೊಂಡಾಗ ‘ಕುದುರೆ’ ಎಂಬ ಅರ್ಥ ನಿಜವಾದ ಕುದುರೆಯಿಂದ ಕಳಚಿ ಕೋಲಿಗೆ ಅಂಟಿಕೊಳ್ಳುತ್ತದೆ. ವಸ್ತುವಿನಿಂದ ಅರ್ಥವನ್ನು ಬಿಡಿಸುವ ಈ ಕೆಲಸವೇ ಮುಂದೆ ಓದು, ಬರಹ, ಲೆಕ್ಕಗಳಿಗೆ ಬೇಕಾಗುವಂಥದ್ದು. ಇನ್ನೊಂದು ಮಾತು: ಸೋಗಿನ ಆಟಕ್ಕೆ ನಿಯಮವಿಲ್ಲ ಎನ್ನುವುದು ತಪ್ಪು. ಅಮ್ಮನಾದ ಹುಡುಗಿ ಅಮ್ಮನ ಹಾಗೆಯೇ ನಡೆದುಕೊಳ್ಳಬೇಕು. ನಡುವೆ ಅತ್ತು ಚಾಕೊಲೇಟ್ ಕೇಳಿದರೆ ಜೊತೆಗಾರರೇ ‘ಅಮ್ಮ ಹಾಗೆಲ್ಲ ಅಳಲ್ಲ ಕಣೇ’ ಎಂದು ತಿದ್ದುತ್ತಾರೆ. ಹೇಳಿಕೊಟ್ಟವರಿಲ್ಲದೆ ಮಗು ಇಲ್ಲಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಟಿಪ್ಪಣಿಯಲ್ಲಿ ಬರೆಯಬೇಕಾದ ಮಿತಿಯೂ ಉಂಟು: ಇದು ಸಿದ್ಧಾಂತ, ಅಳತೆ ಮಾಡಿ ತೋರಿಸಿದ ಫಲಿತಾಂಶವಲ್ಲ.

ಆಟದೊಳಗೆ ಕಾಲಿಟ್ಟ ಶಿಕ್ಷಕಿ

ಅಳತೆಗೆ ಇಳಿದವರು ಇಸ್ರೇಲಿನ ಸಾರಾ ಸ್ಮಿಲಾನ್‌ಸ್ಕಿ. 1968ರ ಅವರ ಪುಸ್ತಕ ವಲಸೆ ಬಂದ ಬಡ ಕುಟುಂಬಗಳ ಮಕ್ಕಳನ್ನು ಕುರಿತದ್ದು. ಈ ಮಕ್ಕಳು ಶಿಶುವಿಹಾರದಲ್ಲಿ ಕೂಡಿ ಆಡುವ ಸೋಗಿನ ಆಟ ಕಡಿಮೆ ಎಂದು ಕಂಡು ಅವರು ಮೂರು ದಾರಿ ಹಿಡಿದರು. ಒಂದು ಗುಂಪಿಗೆ ಆಸ್ಪತ್ರೆ, ಅಂಗಡಿ ತೋರಿಸಿ ಅನುಭವ ಕೊಟ್ಟರು. ಇನ್ನೊಂದು ಗುಂಪಿನ ಆಟದೊಳಗೆ ಶಿಕ್ಷಕಿಯೇ ಸೇರಿ, ಆಡುವುದು ಹೇಗೆಂದು ತೋರಿಸಿದರು. ಮೂರನೆಯ ಗುಂಪಿಗೆ ಎರಡೂ ದಕ್ಕಿದವು. ಬರೀ ಅನುಭವ ಪಡೆದವರ ಆಟ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಶಿಕ್ಷಕಿ ಜೊತೆಗೂಡಿದ ಗುಂಪುಗಳ ಆಟ ಬೆಳೆಯಿತು; ಎರಡೂ ಸಿಕ್ಕವರದು ಎಲ್ಲರಿಗಿಂತ ಹೆಚ್ಚು.

ಇದನ್ನು ಓದುವಾಗ ಎಚ್ಚರವೂ ಬೇಕು. ಶಿಶುವಿಹಾರದ ಕೋಣೆಯಲ್ಲಿ ಆಡದ ಮಗು ತನ್ನ ಮನೆಯಂಗಳದಲ್ಲಿ ಆಡುತ್ತಿರಬಹುದು. ಅಕ್ಕನ ಸೊಂಟದ ಮೇಲೆ ಕುಳಿತೇ ಲೋಕ ನೋಡುವ ಮಗುವಿನ ಆಟ ಬೇರೆ ಬಗೆಯದು. ಕಾಣದಿದ್ದುದನ್ನು ‘ಕೊರತೆ’ ಎಂದು ಬರೆಯುವ ಮೊದಲು ಎಲ್ಲಿ ನೋಡಿದರು, ಯಾರ ಅಳತೆಗೋಲಿನಿಂದ ನೋಡಿದರು ಎಂದು ಕೇಳಬೇಕು.

ಅಳೆಯುವವರಿಗೆ ಗೊತ್ತಿದ್ದರೆ

ಈ ದಾರಿಯಲ್ಲಿ ನಾನು ವಿದ್ಯಾರ್ಥಿಗಳನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಇಲ್ಲಿ. 1973ರಲ್ಲಿ ಡಾನ್‌ಸ್ಕಿ ಮತ್ತು ಸಿಲ್ವರ್‌ಮನ್ ಒಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳು ಕಾಗದದ ಟವೆಲ್, ಕ್ಲಿಪ್‌ನಂಥ ವಸ್ತುಗಳೊಂದಿಗೆ ತಮಗೆ ತೋಚಿದಂತೆ ಆಡಿದರು. ಕೆಲವರು ದೊಡ್ಡವರು ಮಾಡಿದ್ದನ್ನು ನೋಡಿ ಅನುಕರಿಸಿದರು. ಆಮೇಲೆ ‘ಇದರಿಂದ ಇನ್ನೇನೇನು ಮಾಡಬಹುದು?’ ಎಂದು ಕೇಳಿದಾಗ ಆಡಿದ ಮಕ್ಕಳು ಹೆಚ್ಚು ಉಪಯೋಗ ಹೇಳಿದರು. ಆಟ ಸೃಜನಶೀಲತೆಯನ್ನು ಬೆಳೆಸುತ್ತದೆ ಎಂಬುದಕ್ಕೆ ಇದು ವರ್ಷಗಟ್ಟಲೆ ಸಾಕ್ಷಿಯಾಗಿ ನಿಂತಿತು.

1987ರಲ್ಲಿ ಸ್ಮಿತ್ ಮತ್ತು ವಿಟ್ನಿ ಅದೇ ಪ್ರಯೋಗವನ್ನು ಮತ್ತೆ ಮಾಡಿದರು, ಒಂದು ಬದಲಾವಣೆಯೊಂದಿಗೆ. ಪ್ರಶ್ನೆ ಕೇಳುವವರಿಗೆ ಎದುರಿನ ಮಗು ಯಾವ ಗುಂಪಿನದೆಂದು ತಿಳಿಸಲಿಲ್ಲ. ವ್ಯತ್ಯಾಸ ಮಾಯವಾಯಿತು. ಮೊದಲ ಫಲಿತಾಂಶದಲ್ಲಿ ಆಟಕ್ಕಿಂತ ದೊಡ್ಡವರ ನಿರೀಕ್ಷೆಯೇ ಕೆಲಸ ಮಾಡಿರಬಹುದು: ಇನ್ನಷ್ಟು ಹೊತ್ತು ಕಾಯುವುದು, ಹುರಿದುಂಬಿಸುವ ಒಂದು ನೋಟ, ‘ಮತ್ತೆ?’ ಎಂಬ ಒಂದು ಮಾತು. ಆಟ ಕಲಿಸುವ ತರಬೇತಿಯ ಅಧ್ಯಯನಗಳಿಗೂ ಇಂಥದೇ ಪ್ರಶ್ನೆ ಎದುರಾಯಿತು. ಹೋಲಿಕೆಯ ಗುಂಪಿಗೂ ದೊಡ್ಡವರು ಅಷ್ಟೇ ಸಮಯ, ಅಷ್ಟೇ ಗಮನ ಕೊಟ್ಟಾಗ ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಕರಗಿತು.

2013ರಲ್ಲಿ ಆಂಜೆಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು ಸೋಗಿನ ಆಟದ ಮೇಲಿನ ದಶಕಗಳ ಸಂಶೋಧನೆಯನ್ನು ಒಟ್ಟಿಗೆ ತೂಗಿ ನೋಡಿದರು. ಅವರು ಮೂರು ಸಾಧ್ಯತೆಗಳನ್ನು ಮುಂದಿಟ್ಟರು. ಸೋಗಿನ ಆಟವೇ ಬೆಳವಣಿಗೆಗೆ ಕಾರಣವಿರಬಹುದು. ಹಲವು ದಾರಿಗಳಲ್ಲಿ ಅದೂ ಒಂದಿರಬಹುದು. ಅಥವಾ ಬೇರೆ ಯಾವುದೋ ಕಾರಣದ ಜೊತೆಗೆ ಅದು ಸುಮ್ಮನೆ ಬಂದಿರಬಹುದು. ಮೊದಲನೆಯದಕ್ಕೆ ಗಟ್ಟಿ ಆಧಾರ ಸಾಲದು ಎಂಬುದು ಅವರ ತೀರ್ಮಾನ. ಆಟವನ್ನು ಪ್ರೀತಿಸುವ ನಮಗೆ ಇದು ಕಹಿ ಎನಿಸುತ್ತದೆ. ಆದರೂ ಈ ಬರಹವನ್ನು ಪಟ್ಟಿಯಿಂದ ಬಿಟ್ಟರೆ ಗ್ರಂಥಸೂಚಿ ಹೊಗಳಿಕೆಯ ಪಟ್ಟಿಯಾಗುತ್ತದೆ. ಆಟ ವ್ಯರ್ಥವೆಂದು ಲಿಲ್ಲಾರ್ಡ್ ಹೇಳಲಿಲ್ಲ ಎಂಬುದನ್ನೂ ಟಿಪ್ಪಣಿ ಸ್ಪಷ್ಟಪಡಿಸಬೇಕು.

ಸಮೋಸದ ಮೂಲೆಗಳು

ಇಂಥ ವಿಮರ್ಶೆಗಳ ನಡುವೆ ಪ್ರಶ್ನೆಯೇ ಬದಲಾಯಿತು. ‘ಆಟ ಕಲಿಸುತ್ತದೆಯೇ?’ ಎನ್ನುವ ಬದಲು ‘ಯಾವ ಆಟ, ಯಾರ ಜೊತೆ, ಯಾವ ಕಲಿಕೆಗೆ?’ ಎಂದು ಕೇಳುವುದು ಹೆಚ್ಚಾಯಿತು. 2013ರಲ್ಲೇ ಬಂದ ಕೆಲ್ಲಿ ಫಿಷರ್ ಮತ್ತು ಸಂಗಡಿಗರ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ನಾಲ್ಕೈದು ವರ್ಷದ ಮಕ್ಕಳಿಗೆ ತ್ರಿಕೋನ, ಆಯತ ಮುಂತಾದ ಆಕೃತಿಗಳನ್ನು ಮೂರು ಬಗೆಯಲ್ಲಿ ಪರಿಚಯಿಸಿದರು. ಒಂದು ಗುಂಪು ಆಕೃತಿಗಳೊಂದಿಗೆ ತನಗೆ ಬೇಕಾದಂತೆ ಆಡಿತು. ಇನ್ನೊಂದಕ್ಕೆ ದೊಡ್ಡವರೇ ವಿವರಿಸಿದರು, ಮಗು ಕೇಳಿತು. ಮೂರನೆಯ ಗುಂಪಿನಲ್ಲಿ ಮಗು, ದೊಡ್ಡವರು ಇಬ್ಬರೂ ಪತ್ತೇದಾರರು: ಈ ಆಕೃತಿಗಳ ಗುಟ್ಟೇನು ಎಂದು ಹುಡುಕಬೇಕು. ದೊಡ್ಡವರು ಪ್ರಶ್ನೆ ಕೇಳುತ್ತಾರೆ, ಮಗು ಬೆರಳಾಡಿಸಿ ಮೂಲೆ ಎಣಿಸುತ್ತದೆ.

ಪರೀಕ್ಷೆಯಲ್ಲಿ ಸೊಟ್ಟಗಿನ, ಉದ್ದನೆಯ, ತಲೆಕೆಳಗಾದ ತ್ರಿಕೋನಗಳೂ ಇದ್ದವು. ಇವನ್ನು ಸರಿಯಾಗಿ ಗುರುತಿಸುವುದರಲ್ಲಿ ಮೂರನೆಯ ಗುಂಪು ಮುಂದಿತ್ತು. ಒಂದು ವಾರದ ನಂತರವೂ ಆ ತಿಳಿವು ಉಳಿದಿತ್ತು. ನಮ್ಮ ಅಂಗನವಾಡಿ ಗೋಡೆಗಳನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಬಣ್ಣ ಬಳಿದ ತ್ರಿಕೋನ ಯಾವಾಗಲೂ ಮೂರೂ ಬದಿ ಸಮವಾಗಿ, ಒಂದು ಬದಿ ನೆಲಕ್ಕೆ ಊರಿ ನಿಂತಿರುತ್ತದೆ. ಅದನ್ನಷ್ಟೇ ನೋಡಿದ ಮಗುವಿಗೆ ತಿರುಗಿಸಿಟ್ಟ ಸಮೋಸ ತ್ರಿಕೋನವಾಗಿ ಕಾಣುವುದೇ ಇಲ್ಲ.

ಇದರ ಪಕ್ಕದಲ್ಲೇ ಎಲಿಜಬೆತ್ ಬೊನಾವಿಟ್ಜ್ ಮತ್ತು ಸಂಗಡಿಗರ 2011ರ ಅಧ್ಯಯನ ಇರಬೇಕು. ನಾಲ್ಕು ಬಗೆಯ ಕೆಲಸ ಮಾಡುವ ಆಟಿಕೆಯಲ್ಲಿ ಒಂದನ್ನು ಮಾತ್ರ ‘ನೋಡು, ಇದು ಹೀಗೆ’ ಎಂದು ಕಲಿಸಿದಾಗ ಮಕ್ಕಳು ಅದನ್ನೇ ಮಾಡಿದರು. ಉಳಿದವನ್ನು ಹುಡುಕುವುದು ಕಡಿಮೆಯಾಯಿತು. ಕಲಿಸಿದ್ದಿಷ್ಟೇ ಎಂದರೆ ಇರುವುದೂ ಇಷ್ಟೇ ಎಂದು ಮಗು ತರ್ಕಿಸುತ್ತದೆ. 2022ರಲ್ಲಿ ಸ್ಕೀನ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾರ್ಗದರ್ಶನವಿರುವ ಆಟ ಆರಂಭದ ಗಣಿತ, ಆಕೃತಿ ಜ್ಞಾನದಂಥ ಕೆಲವು ಕಡೆ ನೇರ ಬೋಧನೆಗಿಂತ ಮುಂದಿತ್ತು. ಎಲ್ಲ ಕಲಿಕೆಗೂ ಈ ಮಾತು ಹೊಂದುವುದಿಲ್ಲ.

ನಮ್ಮ ಕೋಣೆಗೆ ತಂದಾಗ

2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬುನಾದಿ ಹಂತದ ಸಂಪುಟ ಮುಕ್ತ ಆಟ, ಮಾರ್ಗದರ್ಶಿತ ಆಟ, ವ್ಯವಸ್ಥಿತ ಆಟ ಎಂದು ಮೂರನ್ನು ಬೇರ್ಪಡಿಸಿ ಹೇಳುತ್ತದೆ. ಇದರ ಜೊತೆಗೆ ಓದಬೇಕಾದದ್ದು 2017ರಲ್ಲಿ ಬಂದ ಭಾರತದ ಶಿಶು ಶಿಕ್ಷಣ ಪರಿಣಾಮ ಅಧ್ಯಯನ. ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ಸುಮಾರು 14,000 ಮಕ್ಕಳನ್ನು ನಾಲ್ಕರಿಂದ ಎಂಟನೇ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನ ಅದು. ಎಳೆಯ ಮಕ್ಕಳಿಗೆ ಓದು ಬರಹ ಲೆಕ್ಕಗಳ ಔಪಚಾರಿಕ ಬೋಧನೆ, ಇಲ್ಲವೇ ಹೇಳಿಕೊಳ್ಳುವಂಥ ಯಾವ ಚಟುವಟಿಕೆಯೂ ಇಲ್ಲದಿರುವುದು, ಇವೆರಡೇ ಅಲ್ಲಿ ಹೆಚ್ಚು ಕಂಡವು. ನೀತಿಯ ಮಾತಿಗೂ ಕೋಣೆಯ ದಿನಚರಿಗೂ ಇರುವ ದೂರ ಇದರಿಂದ ತಿಳಿಯುತ್ತದೆ.

ವಿದೇಶದ ಪ್ರಯೋಗಗಳಿಗೆ ಇನ್ನೊಂದು ಮಿತಿ ಇದೆ. ಫಿಷರ್ ಅವರ ಪತ್ತೇದಾರಿ ಆಟದಲ್ಲಿ ಒಂದು ಮಗುವಿನ ಜೊತೆ ಒಬ್ಬ ದೊಡ್ಡವರಿದ್ದರು. ನಮ್ಮ ಅಂಗನವಾಡಿ ಕಾರ್ಯಕರ್ತೆಯ ಮುಂದೆ ಬೇರೆಬೇರೆ ವಯಸ್ಸಿನ ಮಕ್ಕಳ ಗುಂಪಿರುತ್ತದೆ. ಜೊತೆಗೆ ತೂಕ ನೋಡುವುದು, ಆಹಾರ ಹಂಚುವುದು, ದಾಖಲೆ ಬರೆಯುವುದು ಎಲ್ಲವೂ ಅವರ ಹೆಗಲಿಗೇ. ಅಂಥ ಕಡೆ ಐದಾರು ಮಕ್ಕಳೊಂದಿಗೆ ಹತ್ತು ನಿಮಿಷ ಗುಟ್ಟು ಹುಡುಕಿ, ಉಳಿದವರನ್ನು ಅಡುಗೆ ಆಟಕ್ಕೆ, ಮಣ್ಣಿನ ಆಟಕ್ಕೆ ಬಿಟ್ಟು, ಮರುದಿನ ಗುಂಪು ಬದಲಿಸುವುದು ಕೈಗೂಡುವ ದಾರಿ.

ಕಳೆದ ಸಲ ‘ಆಟದ ಮಹತ್ವವನ್ನು ವಿವರಿಸುತ್ತದೆ’ ಎಂದು ಬರೆದು ತಂದ ವಿದ್ಯಾರ್ಥಿನಿಯೊಬ್ಬಳು ಫಿಷರ್ ಅಧ್ಯಯನದ ಟಿಪ್ಪಣಿಯನ್ನು ಹೀಗೆ ತಿದ್ದಿದಳು: ‘ನಾಲ್ಕೈದು ವರ್ಷದ ಮಕ್ಕಳಿಗೆ ಆಕೃತಿಗಳ ಗುಣ ತಿಳಿಸಲು ಬರೀ ಆಟಕ್ಕಿಂತ, ಬರೀ ವಿವರಣೆಗಿಂತ, ಪ್ರಶ್ನೆ ಕೇಳುತ್ತ ಜೊತೆಗೂಡಿ ಹುಡುಕಿದ ಆಟ ಹೆಚ್ಚು ಫಲಿಸಿತು. ಒಂದು ವಾರದ ಆಚೆಗೆ ನೋಡಿಲ್ಲ. ಒಂದು ಮಗುವಿಗೆ ಒಬ್ಬರಂತೆ ನಡೆದದ್ದು. ನನ್ನ ಕೋಣೆಯಲ್ಲಿ ಆರು ಮಕ್ಕಳ ಜೊತೆ ಮಾಡಿ ನೋಡಬೇಕು.’ ಆ ಕೊನೆಯ ವಾಕ್ಯದ ಕೆಳಗೆ ನಾನು ಗೆರೆ ಎಳೆದೆ. ಮುಂದಿನ ವಾರ ಅವಳು ರಟ್ಟಿನಿಂದ ಕತ್ತರಿಸಿದ ಸೊಟ್ಟ ತ್ರಿಕೋನಗಳ ಕಟ್ಟು ಹಿಡಿದು ತರಗತಿಗೆ ಬಂದಳು.