ಪಿತ್ರಾರ್ಜಿತ ಗಡಿಯಾರದ ಅಂಕಿಗಳ ಸಾಕ್ಷ್ಯ

1958ರ ವಿವಾಹದಲ್ಲಿ ದೊರೆತುದೆಂದು ಮನೆಯವರು ಹೇಳುವ ರೋಲೆಕ್ಸ್ ಕೈಗಡಿಯಾರವೊಂದನ್ನು ಪರೀಕ್ಷಿಸೋಣ. ಪಟ್ಟಿಯನ್ನು ಕಳಚಿದರೆ, ಅದನ್ನು ಹಿಡಿದಿದ್ದ ಲಗ್‌ಗಳ ನಡುವೆ, ಹನ್ನೆರಡರ ಕಡೆ, 6694 ಎಂಬ ಮಾದರಿಸಂಖ್ಯೆ ಕಾಣುತ್ತದೆ: ಕೈಯಿಂದ ಕೀಲಿ ಕೊಡುವ, ತಾರೀಖು ತೋರುವ ಆಯ್ಸ್ಟರ್‌ಡೇಟ್ ಪ್ರಿಸಿಷನ್. ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ರೋಮನ್ ಎರಡೂ 66ರ ಅಂಕಿಯೂ ಇವೆ; ಎಂದರೆ ಮುಚ್ಚಳವು 1966ರ ಎರಡನೆಯ ತ್ರೈಮಾಸಿಕದ್ದು.

ಮನೆಮಾತು ಸುಳ್ಳಾಯಿತೆ? ಅವಸರ ಬೇಡ. ತಿರುಪಿನ ಮುಚ್ಚಳವನ್ನು ದುರಸ್ತಿಯಲ್ಲಿ ಬದಲಾಯಿಸುವುದುಂಟು. ಲಗ್‌ಗಳಾದರೋ ಗಡಿಯಾರದ ಒಡಲಿಗೇ ಸೇರಿದವು. ಆದುದರಿಂದ ಆರರ ಕಡೆಯ ಕ್ರಮಸಂಖ್ಯೆಯನ್ನೇ ಕೇಳಬೇಕು. ಸುಮಾರು 1964ರ ಹೊತ್ತಿಗೆ ಈ ಸಂಖ್ಯೆಗಳು ಹತ್ತು ಲಕ್ಷವನ್ನು ಮುಟ್ಟಿದವು. ಇಲ್ಲಿ ಏಳು ಅಂಕಿಗಳಿದ್ದರೆ 1958ರ ಕಥೆ ನಿಲ್ಲದು. ಆರಿದ್ದು, ಮೂರು-ನಾಲ್ಕು ಲಕ್ಷದ ಆಸುಪಾಸಿನಲ್ಲಿದ್ದರೆ, ಬದಲಾದುದು ಮುಚ್ಚಳ ಮಾತ್ರ. ಬೆವರೂ ಪಟ್ಟಿಯ ಉಜ್ಜುವಿಕೆಯೂ ಅಂಕಿಗಳನ್ನು ಸವೆಸಿದ್ದರೆ ಓರೆಬೆಳಕಿನಲ್ಲಿ, ಶಿಲಾಶಾಸನವನ್ನು ಓದುವಂತೆ, ನೋಡತಕ್ಕದ್ದು.