ಕಾಲಿನ ಹೆಬ್ಬೆರಳು ಮೇಲಕ್ಕೆ ಬಾಗುತ್ತಿಲ್ಲವೇ? ಎಲ್ಲ ನೋವೂ ಯೂರಿಕ್ ಆಸಿಡ್ ಅಲ್ಲ, ಮೆತ್ತನೆ ಚಪ್ಪಲಿ ಮದ್ದೂ ಅಲ್ಲ

ಹರಿದಾಡುವ ಮಾತು

"ಕಾಲಿನ ಹೆಬ್ಬೆರಳು ನೋಯುತ್ತಿದೆ ಎಂದರೆ ಯೂರಿಕ್ ಆಸಿಡ್ ಜಾಸ್ತಿಯಾಗಿದೆ ಎಂದರ್ಥ. ಬೇಳೆ ಬಿಡಿ, ಮೆತ್ತನೆಯ ಚಪ್ಪಲಿ ಹಾಕಿ, ದಿನಾ ಬೆರಳನ್ನು ಎಳೆದು ಮಡಚಿ." ಈ ಅರ್ಥದ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ.

ಚುಟುಕಾಗಿ ಉತ್ತರ

ಹೆಬ್ಬೆರಳಿನ ಬುಡದ ಕೀಲು ಸವೆದು ಬಿಗಿಯಾಗುವ ಬೇರೊಂದು ತೊಂದರೆಯೂ ಇದೆ. ವೈದ್ಯರು ಅದನ್ನು ಹ್ಯಾಲಕ್ಸ್ ರಿಜಿಡಸ್ ಎನ್ನುತ್ತಾರೆ. ಈ ತೊಂದರೆ ಇರುವವರಿಗೆ ಬಳುಕುವ ಮೆತ್ತನೆ ಚಪ್ಪಲಿಯೂ ಬೆರಳನ್ನು ಬಲವಂತವಾಗಿ ಮಡಚುವುದೂ ನೋವನ್ನು ಹೆಚ್ಚಿಸಬಹುದು. ಇವರಿಗೆ ಬೇಕಾದದ್ದು ಬಾಗದ ಅಟ್ಟೆ.

ಒಂದು ಉದಾಹರಣೆ

ಟಿ. ದಾಸರಹಳ್ಳಿಯಲ್ಲಿ ವಾಸವಿದ್ದು, ಪೀಣ್ಯದ ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುವ 48 ವರ್ಷದ ಟರ್ನರ್ ಒಬ್ಬರನ್ನು ಕಲ್ಪಿಸಿಕೊಳ್ಳಿ. ಒಂದು ವರ್ಷದಿಂದ ಅವರಿಗೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ನೋವು. ಲೇತ್ ಮುಂದೆ ಸುಮ್ಮನೆ ನಿಂತಾಗ ಅಷ್ಟಾಗಿ ಕಾಣುವುದಿಲ್ಲ. ಮೆಟ್ರೋ ಮೆಟ್ಟಿಲು ಹತ್ತುವಾಗ, ಬಸ್ಸಿಗೆ ಓಡುವಾಗ, ಕುಕ್ಕರಗಾಲಲ್ಲಿ ಕೂರುವಾಗ ಚುಚ್ಚುತ್ತದೆ. ಕೀಲಿನ ಮೇಲೆ ಗಟ್ಟಿಯಾದ ಒಂದು ಗಂಟು ಎದ್ದಿದೆ, ಸೇಫ್ಟಿ ಶೂ ಹಾಕಿದರೆ ಅದು ಉಜ್ಜುತ್ತದೆ. ಯಾರೋ ಹೇಳಿದರೆಂದು ಬೇಳೆ ಬಿಟ್ಟು ಮೂರು ತಿಂಗಳಾಗಿದೆ, ನೋವು ಹಾಗೇ ಇದೆ.

ಗೌಟ್ ಎಂದರೆ ಯೂರಿಕ್ ಆಸಿಡ್ ಹರಳುಗಳಿಂದ ಬರುವ ಕೀಲುನೋವು. ಅದು ಹೀಗೆ ವರ್ಷಗಟ್ಟಲೆ ಮೆಲ್ಲಗೆ ಶುರುವಾಗುವುದಿಲ್ಲ. ಸಾಮಾನ್ಯವಾಗಿ ರಾತ್ರೋರಾತ್ರಿ ಎರಗುತ್ತದೆ. ಒಂದೇ ದಿನದಲ್ಲಿ ಕೀಲು ಕೆಂಪಾಗಿ, ಬಿಸಿಯಾಗಿ ಊದಿ, ಬೆಡ್‌ಶೀಟ್ ತಾಗಿದರೂ ಜೀವ ಹೋದಂತಾಗುತ್ತದೆ. ಒಂದೆರಡು ವಾರದಲ್ಲಿ ಇಳಿಯುತ್ತದೆ, ಮಧ್ಯದ ದಿನಗಳಲ್ಲಿ ಬೆರಳು ಚೆನ್ನಾಗಿಯೇ ಇರುತ್ತದೆ. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿದೆ ಎಂಬ ಒಂದೇ ರಿಪೋರ್ಟ್‌ನಿಂದ ಗೌಟ್ ಎಂದು ಹೇಳಲಾಗದು, ಏಕೆಂದರೆ ಹೆಚ್ಚಿರುವ ಅನೇಕರಿಗೆ ಗೌಟ್ ಬರುವುದೇ ಇಲ್ಲ. ಹಾಗೆಯೇ ಒಬ್ಬರಿಗೇ ಎರಡೂ ಇರಬಹುದು. ಅನುಮಾನವಿದ್ದರೆ ಕೀಲಿನ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿ ಹರಳು ಹುಡುಕುವುದೇ ಖಚಿತ ಪರೀಕ್ಷೆ.

ಒಳಗೆ ಏನಾಗುತ್ತದೆ?

ನಡೆಯುವಾಗ ಹಿಮ್ಮಡಿ ಮೇಲೆದ್ದ ಕ್ಷಣದಲ್ಲಿ ದೇಹದ ಭಾರ ಹೆಬ್ಬೆರಳ ಬುಡದ ಮೇಲೆ ಹಾದುಹೋಗುತ್ತದೆ. ಬೆರಳು ನೆಲಕ್ಕೆ ಒತ್ತಿಕೊಂಡೇ ಇರುತ್ತದೆ, ಪಾದ ಏಳುತ್ತದೆ, ಮಧ್ಯದ ಕೀಲು ಬಾಗುತ್ತದೆ. ಈ ಕೀಲಿನ ನುಣುಪಾದ ಕಾರ್ಟಿಲೇಜ್ ಪದರ ಮೊದಲು ಸವೆಯುವುದು ಮೇಲ್ಭಾಗದಲ್ಲಿ. ಅಲ್ಲೇ ಹೊಸ ಮೂಳೆ ಮುಳ್ಳಿನಂತೆ ಬೆಳೆಯುತ್ತದೆ. ಬಾಗಿಲಿಗೆ ಅಡ್ಡ ಇಟ್ಟ ಕಲ್ಲಿನಂತೆ ಅದು ಬೆರಳು ಮೇಲಕ್ಕೆ ಬಾಗುವುದನ್ನು ತಡೆಯುತ್ತದೆ. ಕೈಗೆ ಸಿಗುವ ಗಂಟು ಇದೇ.

ಬಹುಪಾಲು ಜನರಲ್ಲಿ ಕಾರಣ ಗೊತ್ತಾಗುವುದಿಲ್ಲ. ಒಂದೇ ಕಾಲಿಗೆ ಬಂದಿದ್ದರೆ ಹಿಂದೆ ಆ ಬೆರಳಿಗೆ ಬಿದ್ದ ಪೆಟ್ಟು, ಎರಡೂ ಕಾಲಿಗೆ ಬಂದಿದ್ದರೆ ಮನೆತನದ ಹಿನ್ನೆಲೆ ಕಾಣಿಸುವುದುಂಟು. ಅಮೆರಿಕದ ಮೂಳೆ ತಜ್ಞರಾದ ಕಾಫ್ಲಿನ್ ಮತ್ತು ಶರ್ನಾಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉದ್ಯೋಗಕ್ಕೂ ಶೂಗೂ ಈ ಕಾಯಿಲೆಗೂ ನಂಟು ಕಂಡುಬರಲಿಲ್ಲ. ಅಂದರೆ ನಿಂತು ಮಾಡುವ ಕೆಲಸ ಇದ್ದ ನೋವನ್ನು ಕೆರಳಿಸಬಹುದು, ಆದರೆ ಅದೇ ಕಾಯಿಲೆ ತಂದಿತು ಎನ್ನಲು ಆಧಾರವಿಲ್ಲ.

ಹೇಗೆ ಮುಂದುವರಿಯುತ್ತದೆ?

ಕುರ್ಚಿಯಲ್ಲಿ ಕುಳಿತು ಪಾದವನ್ನು ನೆಲಕ್ಕೆ ಪೂರ್ತಿ ಊರಿ. ಕೈಯಿಂದ ಹೆಬ್ಬೆರಳನ್ನು ನಿಧಾನವಾಗಿ ಮೇಲೆತ್ತಿ, ಇನ್ನೊಂದು ಕಾಲಿನ ಜೊತೆ ಹೋಲಿಸಿ. ಆರೋಗ್ಯವಂತ ಕೀಲು 60 ಡಿಗ್ರಿಯ ಆಸುಪಾಸು ಏಳುತ್ತದೆ. ಶುರುವಿನಲ್ಲಿ ಅದು 30-40 ಡಿಗ್ರಿಗೆ ಇಳಿಯುತ್ತದೆ, ಪೂರ್ತಿ ಬಾಗಿಸಿದಾಗ ಮಾತ್ರ ನೋವು. ನಂತರ 10-30ಕ್ಕೆ ಇಳಿಯುತ್ತದೆ. ತೀರಾ ಮುಂದುವರಿದಾಗ 10 ಡಿಗ್ರಿಯೂ ಏಳದು.

ವೈದ್ಯರು ಕೇಳುವ ಮುಖ್ಯ ಪ್ರಶ್ನೆ ಇನ್ನೊಂದಿದೆ: ನೋವು ಬಾಗುವಿಕೆಯ ಕೊನೆಯಲ್ಲಿ ಮಾತ್ರವೇ, ಅಥವಾ ನಡುವೆಯೂ ಇದೆಯೇ? ಕೊನೆಯಲ್ಲಿ ಮಾತ್ರವಿದ್ದರೆ ಮೂಳೆಮುಳ್ಳು ತಾಗುತ್ತಿದೆ ಎಂದರ್ಥ. ನಡುವೆಯೂ ಇದ್ದರೆ ಕೀಲು ಒಳಗೆಲ್ಲ ಸವೆದಿದೆ. ನಿಂತ ಭಂಗಿಯಲ್ಲಿ ತೆಗೆದ ಸಾದಾ ಎಕ್ಸ್‌ರೇ ಇದನ್ನು ತಿಳಿಯಲು ನೆರವಾಗುತ್ತದೆ.

ಬೆರಳು ಬಾಗದಿದ್ದಾಗ ಜನ ತಮಗೆ ಗೊತ್ತಿಲ್ಲದೆಯೇ ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಡೆಯುತ್ತಾರೆ. ಹಳೆಯ ಚಪ್ಪಲಿಯ ಹೊರಬದಿ ಹೆಚ್ಚು ಸವೆದಿದ್ದರೆ, ಕಿರುಬೆರಳ ಕಡೆ ನೋವು ಶುರುವಾಗಿದ್ದರೆ ಇದೊಂದು ಸುಳಿವು.

ಏನು ಮಾಡಬೇಕು?

ಸವೆದ ಪದರವನ್ನು ಎಣ್ಣೆ, ಮಾತ್ರೆ, ಪಥ್ಯ ಯಾವುದೂ ಮತ್ತೆ ಬೆಳೆಸುವುದಿಲ್ಲ. ಆದರೆ ಕೀಲು ಬಾಗುವ ಪ್ರಮೇಯವನ್ನೇ ಕಡಿಮೆ ಮಾಡಿದರೆ ನೋವು ಇಳಿಯುತ್ತದೆ. ಹವಾಯಿ ಚಪ್ಪಲಿ ಬೆರಳ ಬುಡದಲ್ಲೇ ಬಳುಕುತ್ತದೆ, ಹಾಗಾಗಿ ಪ್ರತಿ ಹೆಜ್ಜೆಗೂ ಕೀಲು ಬಾಗಲೇಬೇಕು. ಗಟ್ಟಿ ಅಟ್ಟೆ, ತುದಿಯಲ್ಲಿ ದೋಣಿಯಂತೆ ಮೇಲೆದ್ದ ಶೂ ಹಾಕಿದರೆ ಪಾದ ಉರುಳಿಕೊಂಡು ಮುಂದೆ ಹೋಗುತ್ತದೆ, ಬೆರಳು ಬಾಗಬೇಕಿಲ್ಲ. ಅಂಗಡಿಯಲ್ಲಿ ಶೂವನ್ನು ಹಿಮ್ಮಡಿ ಮತ್ತು ತುದಿ ಹಿಡಿದು ಮಡಚಿ ನೋಡಿ: ಸುಲಭವಾಗಿ ಮಡಚಿಕೊಂಡರೆ ಬೇಡ. ಬೆರಳ ಭಾಗ ಅಗಲವಾಗಿಯೂ ಎತ್ತರವಾಗಿಯೂ ಇರಲಿ.

ಇರುವ ಶೂ ಒಳಗೇ ಗಟ್ಟಿ ಕಾರ್ಬನ್ ಫೈಬರ್ ಪಟ್ಟಿ ಹಾಕಿಕೊಳ್ಳಬಹುದು. ಆಸ್ಟ್ರೇಲಿಯಾದಲ್ಲಿ 100 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ಪಟ್ಟಿ ಹಾಕಿದವರ ನೋವು 12 ವಾರಗಳಲ್ಲಿ ತೋರಿಕೆಯ ಪಟ್ಟಿ ಹಾಕಿದವರಿಗಿಂತ ಹೆಚ್ಚು ಇಳಿದಿತ್ತು.

ನಮ್ಮ ಉದಾಹರಣೆಯ ಟರ್ನರ್ ಸೇಫ್ಟಿ ಶೂ ಬಿಡಬೇಕಿಲ್ಲ. ಅದರ ಗಟ್ಟಿ ಅಟ್ಟೆ ಅವರಿಗೆ ಅನುಕೂಲವೇ. ತೊಂದರೆ ಕೊಡುವುದು ಮುಂದಿನ ಉಕ್ಕಿನ ಟೋಪಿಯ ಹಿಂದಿನ ಅಂಚು. ಅಗಲವಾದ ಜೋಡಿ ಕೇಳಿ ಪಡೆಯಬೇಕು, ಮನೆಯಲ್ಲೂ ಹೊರಗೂ ಹವಾಯಿ ಬದಲು ಗಟ್ಟಿ ಅಟ್ಟೆಯದ್ದು ಹಾಕಬೇಕು, ಕುಕ್ಕರಗಾಲಿನ ಬದಲು ಸ್ಟೂಲ್ ಬಳಸಬೇಕು. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ನುಂಗಬೇಕು, ಏಕೆಂದರೆ ಕಿಡ್ನಿ, ಬಿಪಿ, ಹೊಟ್ಟೆಹುಣ್ಣಿನ ತೊಂದರೆ ಇದ್ದವರಿಗೆ ಅಂಗಡಿಯಲ್ಲಿ ಕೊಂಡ ಮಾತ್ರೆ ಅಪಾಯ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲಕಾಲ ಆರಾಮ ಕೊಡುತ್ತದೆ, ಮೂಳೆಮುಳ್ಳನ್ನು ಕರಗಿಸುವುದಿಲ್ಲ.

ಆಪರೇಷನ್ ಯಾವಾಗ?

ಶೂ ಬದಲಿಸಿ ಕೆಲವು ತಿಂಗಳಾದರೂ ನಡೆಯಲು ಕಷ್ಟವಾದರೆ. ನೋವು ಕೊನೆಯಲ್ಲಿ ಮಾತ್ರ ಇದ್ದವರಿಗೆ ಮೂಳೆಮುಳ್ಳನ್ನೂ ಕೀಲಿನ ಮೇಲ್ಭಾಗದ ಸ್ವಲ್ಪ ಮೂಳೆಯನ್ನೂ ಕೆತ್ತಿ ತೆಗೆಯುತ್ತಾರೆ. ಕೀಲು ಉಳಿಯುತ್ತದೆ, ಆದರೆ ಸವೆತ ಮುಂದುವರಿಯಬಹುದು. ನಡುವೆಯೂ ನೋವಿದ್ದವರಿಗೆ ಎರಡು ಮೂಳೆಗಳನ್ನು ಸ್ಕ್ರೂ ಅಥವಾ ಪ್ಲೇಟ್ ಹಾಕಿ ಬೆಸೆಯುತ್ತಾರೆ. ಮೂಳೆ ಕೂಡಿಕೊಳ್ಳಲು ಸುಮಾರು ಎರಡು-ಮೂರು ತಿಂಗಳು ಬೇಕು. ಆಮೇಲೆ ಬೆರಳ ಬುಡ ಬಾಗುವುದಿಲ್ಲ, ಆದರೆ ನೋವು ಹೋಗಿ ಹೆಚ್ಚಿನವರು ಚೆನ್ನಾಗಿ ನಡೆಯುತ್ತಾರೆ. ತುದಿಗಾಲಲ್ಲಿ ಕೂರುವುದು, ಹೈ ಹೀಲ್ಸ್ ಮಾತ್ರ ಆಗದು. ನೆಲದ ಮೇಲೆ ಕೂತು ಕೆಲಸ ಮಾಡುವವರು ಇದನ್ನು ಮೊದಲೇ ಡಾಕ್ಟರ ಬಳಿ ಹೇಳಬೇಕು.

ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರು ಡಿಸ್ಪೆನ್ಸರಿಯಿಂದ ರೆಫರ್ ಮಾಡಿಸಿಕೊಂಡು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸಬಹುದು.

ಕಾಯದೆ ಹೋಗಬೇಕಾದದ್ದು

ಕೀಲು ದಿಢೀರನೆ ಕೆಂಪಾಗಿ ಊದಿ ಜ್ವರ ಬಂದರೆ, ಅಥವಾ ಸಕ್ಕರೆ ಕಾಯಿಲೆಯವರಿಗೆ ಗಂಟಿನ ಮೇಲೆ ಗಾಯವಾದರೆ ಅದೇ ದಿನ ವೈದ್ಯರನ್ನು ಕಾಣಿ. ಅದು ಸೋಂಕಾಗಿರಬಹುದು.

ತೀರ್ಮಾನ

"ಹೆಬ್ಬೆರಳು ನೋವು ಎಂದರೆ ಯೂರಿಕ್ ಆಸಿಡ್" ಎಂಬುದು ಅರ್ಧ ಸತ್ಯ. "ಮೆತ್ತನೆ ಚಪ್ಪಲಿ ಹಾಕಿ, ಬೆರಳು ಮಡಚಿ" ಎಂಬ ಸಲಹೆ ಬಿಗಿಯಾದ ಕೀಲಿಗೆ ತಪ್ಪು. ಮೆಲ್ಲಗೆ ಶುರುವಾದ ನೋವು, ಮೇಲೆ ಗಟ್ಟಿ ಗಂಟು, ಮೇಲಕ್ಕೆ ಬಾಗದ ಬೆರಳು ಈ ಮೂರೂ ಇದ್ದರೆ ಪಥ್ಯಕ್ಕಿಂತ ಮೊದಲು ಎಕ್ಸ್‌ರೇ ಮಾಡಿಸಿ, ಅಟ್ಟೆ ಬದಲಿಸಿ.